ಖಾಲಿ ಬಿಟ್ಟ ಚೌಕ ಸೊನ್ನೆಯಲ್ಲ

ಮಾಸಿಕ ವರದಿಯ ನಮೂನೆ ಬದಲಾದಾಗ ಬ್ಯಾಂಕಿನ ಕೇಂದ್ರ ಕಚೇರಿಯಿಂದ ಶಾಖೆಗಳಿಗೆ ಹೋಗುವ ಇಮೇಲ್ ಬಹುಪಾಲು ಎರಡೇ ಸಾಲಿನದು: ‘ಹೊಸ ನಮೂನೆ ಲಗತ್ತಿಸಿದೆ. 5ನೇ ತಾರೀಖಿನೊಳಗೆ ಭರ್ತಿ ಮಾಡಿ ಕಳುಹಿಸುವುದು.’ ಇಪ್ಪತ್ತು ವರ್ಷ ಸರ್ವಿಸ್ ಆದ ಮ್ಯಾನೇಜರಿಗೆ ಒಂದು ತಖ್ತೆ ತುಂಬುವುದನ್ನು ಹೇಳಿಕೊಡಬೇಕೇ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ವರದಿಯಲ್ಲಿ ತಪ್ಪು ನುಸುಳುವುದು ಬ್ಯಾಂಕಿಂಗ್ ತಿಳಿಯದೆ ಅಲ್ಲ. ಒಂದೇ ಚೌಕಕ್ಕೆ ಹನ್ನೆರಡು ಶಾಖೆಗಳು ಹನ್ನೆರಡು ಅರ್ಥ ಕೊಟ್ಟಾಗ ಅದು ನುಸುಳುತ್ತದೆ, ಮತ್ತು ಎಲ್ಲವನ್ನೂ ಕೂಡಿಸುವ ಎಕ್ಸೆಲ್ ಹಾಳೆ ಯಾರನ್ನೂ ಏನನ್ನೂ ಕೇಳದೆ ಕೂಡಿಸಿಬಿಡುತ್ತದೆ.

ಹನ್ನೆರಡು ಶಾಖೆಗಳ ಒಂದು ಪಟ್ಟಣ ಸಹಕಾರಿ ಬ್ಯಾಂಕನ್ನು ಊಹಿಸಿಕೊಳ್ಳಬಹುದು. ಹೊಸ ನಮೂನೆಯಲ್ಲಿ ‘ಈ ತಿಂಗಳು ಹೊಸದಾಗಿ ಸುಸ್ತಿಯಾದ ಖಾತೆಗಳು’ ಎಂಬ ಕಾಲಂ ಇದೆ. ಒಂಬತ್ತು ಶಾಖೆಗಳು ಸಂಖ್ಯೆ ಬರೆದಿವೆ, ಒಟ್ಟು 36. ಮೂರು ಶಾಖೆಗಳು ಜಾಗ ಖಾಲಿ ಬಿಟ್ಟಿವೆ. ಏನೂ ಇಲ್ಲದಿದ್ದರೆ ಖಾಲಿ ಬಿಟ್ಟರಾಯಿತು, ಅದು ಸೊನ್ನೆ ಎಂದೇ ಅರ್ಥ ಎಂಬುದು ಶಾಖೆಗಳಲ್ಲಿ ಬಲವಾಗಿ ಬೇರೂರಿರುವ ನಂಬಿಕೆ.

ಎಕ್ಸೆಲ್ ಹಾಗೆ ತಿಳಿಯುವುದಿಲ್ಲ. ಕೇಂದ್ರ ಕಚೇರಿಯ ಗುಮಾಸ್ತರು ಶಾಖೆಯ ಅಂಕಿಗಳನ್ನು ಕಾಪಿ ಮಾಡಿ ಅಂಟಿಸಿದರೆ ಖಾಲಿ ಚೌಕ ಖಾಲಿಯಾಗಿಯೇ ಉಳಿಯುತ್ತದೆ. AVERAGE ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ 36ನ್ನು 9ರಿಂದ ಭಾಗಿಸಿ ಶಾಖೆಗೆ ಸರಾಸರಿ 4 ಖಾತೆ ಎನ್ನುತ್ತದೆ. ಅದೇ ಗುಮಾಸ್ತರು ಅಂಟಿಸುವ ಬದಲು ಶಾಖೆಯ ಫೈಲಿಗೆ ಲಿಂಕ್ ಕೊಟ್ಟಿದ್ದರೆ ಆ ಖಾಲಿ ಚೌಕಗಳು 0 ಆಗಿ ಬರುತ್ತವೆ, ಸರಾಸರಿ 3ಕ್ಕೆ ಇಳಿಯುತ್ತದೆ. ಶಾಖೆ ಮಾಡಿದ್ದು ಒಂದೇ ಕೆಲಸ, ಉತ್ತರ ಮಾತ್ರ ಎರಡು. ಇನ್ನೊಂದು ಸಾಧ್ಯತೆಯೂ ಇದೆ: ಆ ಮೂರರಲ್ಲಿ ಒಂದು ಶಾಖೆ ಲೆಕ್ಕವನ್ನು ಇನ್ನೂ ನೋಡಿಯೇ ಇರಲಿಕ್ಕಿಲ್ಲ. ಆಗ 4 ಕೂಡ ಸರಿಯಲ್ಲ, 3 ಕೂಡ ಸರಿಯಲ್ಲ. ಸುಸ್ತಿ ಹೆಚ್ಚಿರುವ ಶಾಖೆಯೇ ತಡ ಮಾಡುವುದುಂಟು ಎಂಬುದು ವಸೂಲಿ ವಿಭಾಗದವರಿಗೆ ಹೊಸ ಸಂಗತಿಯೇನಲ್ಲ.

ಹಾಗಾಗಿ ಇಮೇಲ್ ಮೊದಲು ಹೇಳಬೇಕಾದ ಮಾತು ಇದು: ಪರಿಶೀಲಿಸಿ ಏನೂ ಇಲ್ಲವೆಂದು ಖಚಿತವಾದರೆ 0 ಬರೆಯಿರಿ, ಮಾಹಿತಿ ಸಿಕ್ಕಿಲ್ಲವಾದರೆ ಖಾಲಿ ಬಿಟ್ಟು ಷರಾ ಕಾಲಂನಲ್ಲಿ ಕಾರಣ ಬರೆಯಿರಿ. ಅಡ್ಡಗೆರೆ, ‘ನಿಲ್’, ‘ಇಲ್ಲ’ ಇವು ಮೂರೂ ಎಕ್ಸೆಲ್‌ಗೆ ಬರೀ ಅಕ್ಷರಗಳು. ಎಷ್ಟು ಶಾಖೆಗಳು ನಿಜವಾಗಿ ಅಂಕಿ ಕೊಟ್ಟಿವೆ ಎಂದು ಕೇಂದ್ರ ಕಚೇರಿ ತಿಳಿಯಲು ಕಾಲಂನ ಕೆಳಗೆ ಒಂದು ಸೂತ್ರ ಸಾಕು:

```
=COUNT(C5:C16)
```

12 ಬರಬೇಕಾದಲ್ಲಿ 9 ಬಂದರೆ ಮೂರು ಶಾಖೆಗಳಿಗೆ ಫೋನ್ ಮಾಡುವ ಕೆಲಸವಿದೆ. ಲಿಂಕ್ ಕೊಟ್ಟ ಹಾಳೆಯಲ್ಲಿ ಈ ಪರೀಕ್ಷೆ ನಡೆಯದು, ಏಕೆಂದರೆ ಅಲ್ಲಿ ಖಾಲಿ ಚೌಕ ಆಗಲೇ ಸೊನ್ನೆಯಾಗಿ ಕೂತಿರುತ್ತದೆ. ಶಾಖೆಯಿಂದ ಬಂದ ಮೂಲ ಫೈಲಿನಲ್ಲೇ ಎಣಿಸಬೇಕು.

ಅಂಕಿ ಬರೆದ ಮಾತ್ರಕ್ಕೆ ಅದು ಅಂಕಿಯಾಗುತ್ತದೆ ಎಂಬುದು ಎರಡನೆಯ ನಂಬಿಕೆ. ಚೆಕ್ಕು, ವೋಚರುಗಳಲ್ಲಿ ‘ರೂ. 12,50,000/-’ ಎಂದು ಬರೆದು ಪಳಗಿದ ಕೈ ಎಕ್ಸೆಲ್‌ನಲ್ಲೂ ಹಾಗೆಯೇ ಬರೆಯುತ್ತದೆ. ಕಾಗದದ ಮೇಲೆ ಆ ಓರೆಗೆರೆ ಮತ್ತು ಅಡ್ಡಗೆರೆಗೆ ಕಾರಣವಿದೆ, ಮುಂದೆ ಯಾರೂ ಅಂಕಿ ಸೇರಿಸದಂತೆ ಅದು ತಡೆಯುತ್ತದೆ. ಎಕ್ಸೆಲ್‌ನಲ್ಲಿ ಮಾತ್ರ ಅದು ಇಡೀ ಮೊತ್ತವನ್ನೇ ಅಕ್ಷರವಾಗಿಸುತ್ತದೆ, SUM ಅದನ್ನು ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತದೆ. ಗುರುತು ಹಿಡಿಯುವುದು ಸುಲಭ: ಜೋಡಣೆಯನ್ನು ಯಾರೂ ಬದಲಿಸಿಲ್ಲದಿದ್ದರೆ ಸಂಖ್ಯೆ ಚೌಕದ ಬಲಕ್ಕೆ ಒರಗುತ್ತದೆ, ಅಕ್ಷರ ಎಡಕ್ಕೆ.

ಲಕ್ಷದ ಗೊಂದಲ ಇದಕ್ಕಿಂತ ಸೂಕ್ಷ್ಮ. ನಾಲ್ಕು ಶಾಖೆಗಳ ತಿಂಗಳ ವಸೂಲಿ 40 ಲಕ್ಷ, 35 ಲಕ್ಷ, 28 ಲಕ್ಷ ಮತ್ತು 12.5 ಲಕ್ಷ ಎಂದಿಟ್ಟುಕೊಂಡರೆ ಒಟ್ಟು 1,15,50,000 ರೂಪಾಯಿ. ನಮೂನೆ ಲಕ್ಷದಲ್ಲಿ ಕೇಳಿ, ಕೊನೆಯ ಶಾಖೆ ಪೂರ್ತಿ ರೂಪಾಯಿಯಲ್ಲಿ ಬರೆದರೆ ಒಟ್ಟು ಮೊತ್ತ ಹನ್ನೆರಡು ಲಕ್ಷ ‘ಲಕ್ಷ’ಗಳನ್ನು ದಾಟುತ್ತದೆ, ಯಾರ ಕಣ್ಣಿಗಾದರೂ ಹೊಡೆಯುತ್ತದೆ. ನಮೂನೆ ರೂಪಾಯಿಯಲ್ಲಿ ಕೇಳಿ, ಆ ಶಾಖೆ ಅಭ್ಯಾಸಬಲದಿಂದ 12.5 ಎಂದು ಬರೆದರೆ ಒಟ್ಟು 1,03,00,012.50 ಆಗುತ್ತದೆ. ನೋಡಲು ಎಷ್ಟು ಸಹಜವಾಗಿದೆ! ಪೈಸೆ ತೋರಿಸದಂತೆ ಹಾಳೆಯನ್ನು ಹೊಂದಿಸಿದ್ದರಂತೂ ಬಾಲದಲ್ಲಿದ್ದ ಆ ಐವತ್ತು ಪೈಸೆಯ ಸುಳಿವೂ ಮಾಯ. ಒಂದು ಶಾಖೆಯ ಹನ್ನೆರಡೂವರೆ ಲಕ್ಷದ ವಸೂಲಿ ಹೀಗೆ ಕಾಣೆಯಾದರೆ, ಮುಂದಿನ ಸಭೆಯಲ್ಲಿ ಬೈಸಿಕೊಳ್ಳುವವರು ದುಡಿದ ಆ ಶಾಖೆಯವರೇ. ಅನ್ಯಾಯವಾಗುವುದು ಅಲ್ಲಿ.

ತಪ್ಪಿದ್ದರೆ ಕಂಪ್ಯೂಟರೇ ಕೆಂಪು ಬಣ್ಣದಲ್ಲಿ ತೋರಿಸುತ್ತದಲ್ಲ ಎಂದು ಹಲವರು ಭರವಸೆಯಿಂದ ಇರುತ್ತಾರೆ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಆದದ್ದನ್ನು ಅವರು ತಿಳಿಯಬೇಕು. ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಅಲ್ಲಿ ಎಕ್ಸೆಲ್‌ನ ಹಳೆಯ ಮಾದರಿಯ ಫೈಲುಗಳಿಗೆ ತುಂಬಲಾಗುತ್ತಿತ್ತು. ಆ ಮಾದರಿಯ ಹಾಳೆಗೆ 65,536 ಸಾಲುಗಳೇ ಮಿತಿ. ಮಿತಿ ಮೀರಿದ ಸಾಲುಗಳು ಬಿಟ್ಟುಹೋಗಿ 15,841 ಸೋಂಕಿತರ ಮಾಹಿತಿ ದೈನಂದಿನ ಲೆಕ್ಕದಿಂದ ತಪ್ಪಿತು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ದಿನಗಟ್ಟಲೆ ಆ ಲೆಕ್ಕ ಸರಿಯೆಂದೇ ಎಲ್ಲರೂ ನಂಬಿದ್ದರು.

ತಾರೀಖಿನಲ್ಲೂ ಇದೇ ಮೌನ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 05-04-2025 ಎಂದು ಬರೆದ ಏಪ್ರಿಲ್ 5, ಮೇ 4 ಎಂದು ದಾಖಲಾಗುತ್ತದೆ. 31-03-2025 ಎಂದು ಬರೆದರೆ 31ನೇ ತಿಂಗಳೆಂಬುದು ಇಲ್ಲವಾದ್ದರಿಂದ ಅದು ತಾರೀಖೇ ಆಗದೆ ಎಡಕ್ಕೆ ಒರಗಿದ ಅಕ್ಷರವಾಗಿ ಉಳಿಯುತ್ತದೆ. ಸುಸ್ತಿಯ ದಿನ ಎಣಿಸುವ ಹಾಳೆಯಲ್ಲಿ ಮೊದಲನೆಯದು 29 ದಿನಗಳ ವ್ಯತ್ಯಾಸ ತರುತ್ತದೆ. 05-Apr-2025 ಎಂದು ತಿಂಗಳ ಹೆಸರಿನೊಂದಿಗೆ ಬರೆದರೆ ಈ ತೊಡಕೇ ಇಲ್ಲ.

ದಿನಗಳ ಎಣಿಕೆಯ ಮಾತು ಬಂದಾಗ ಎನ್‌ಪಿಎ ಕಾಲಂ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿನ ತಪ್ಪು ನಂಬಿಕೆ ಎಕ್ಸೆಲ್‌ನದಲ್ಲ, ನಿಯಮದ್ದು. ಮೂರು ಕಂತು ಬಾಕಿಯಾದರೆ ಎನ್‌ಪಿಎ, ಎರಡು ಕಟ್ಟಿಸಿಕೊಂಡರೆ ಮತ್ತೆ ಒಳ್ಳೆಯ ಖಾತೆ ಎಂಬ ಲೆಕ್ಕಾಚಾರ ಶಾಖೆಗಳಲ್ಲಿ ಬಹುಕಾಲ ನಡೆದಿದೆ. ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಎಣಿಸಬೇಕಾದದ್ದು ಕಂತನ್ನಲ್ಲ, ದಿನವನ್ನು. ಸುತ್ತೋಲೆಯದೇ ಉದಾಹರಣೆಯಂತೆ ಮಾರ್ಚ್ 31ಕ್ಕೆ ಕಟ್ಟಬೇಕಾದ ಬಾಕಿ ಹಾಗೆಯೇ ಮುಂದುವರಿದರೆ ಖಾತೆ ಎನ್‌ಪಿಎ ಆಗುವುದು ಜೂನ್ 29ರಂದು.

ತಿಂಗಳಿಗೆ 10,000 ರೂಪಾಯಿ ಕಂತಿನ ಒಂದು ಸಾಲವನ್ನು ಗಮನಿಸಿ. ಮಾರ್ಚ್, ಏಪ್ರಿಲ್, ಮೇ ಕೊನೆಯ ಕಂತುಗಳು ಬಂದಿಲ್ಲ. ಸಾಲಗಾರ ಜೂನ್ 20ರಂದು 10,000 ಕಟ್ಟಿದರೆ ಅತಿ ಹಳೆಯದಾದ ಮಾರ್ಚ್ ಕಂತು ತೀರುತ್ತದೆ, ಎಣಿಕೆ ಏಪ್ರಿಲ್ 30ರಿಂದ ಶುರುವಾಗುತ್ತದೆ, ಜೂನ್ 29ಕ್ಕೆ 60 ದಿನವಷ್ಟೇ ಆಗಿರುತ್ತದೆ. ಖಾತೆ ಎನ್‌ಪಿಎ ಅಲ್ಲ. ಅದೇ ಸಾಲಗಾರ ಜೂನ್‌ನಲ್ಲಿ ಏನೂ ಕಟ್ಟದೆ ಜುಲೈ 2ರಂದು 20,000 ತಂದುಕೊಟ್ಟನೆನ್ನಿ. ಹಣ ದುಪ್ಪಟ್ಟು, ಆದರೂ ಖಾತೆ ಎನ್‌ಪಿಎ ಆಗಿಯೇ ಉಳಿಯುತ್ತದೆ. ಜೂನ್ 30ರ ಕಂತೂ ಸೇರಿ ಬಾಕಿ 40,000 ಆಗಿರುತ್ತದೆ. ಒಮ್ಮೆ ಎನ್‌ಪಿಎ ಆದ ಖಾತೆ ಮೇಲೆ ಬರಬೇಕಾದರೆ ಅಸಲು, ಬಡ್ಡಿಯ ಎಲ್ಲ ಬಾಕಿಯೂ ತೀರಬೇಕು. ಬೆಳೆಸಾಲಕ್ಕೆ ಈ 90 ದಿನದ ಲೆಕ್ಕವಿಲ್ಲ, ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಎಂಬ ಅಳತೆ ಬೇರೆಯೇ ಇದೆ.

ಜುಲೈ 2ರ ಆ ವಸೂಲಿಯನ್ನು ಜೂನ್ ವರದಿಯಲ್ಲಿ ಸೇರಿಸುವ ಆಸೆ ಸಹಜ, ಫೈಲ್ ಇನ್ನೂ ಕೈಯಲ್ಲೇ ಇರುತ್ತದೆ. ಆದರೆ ವರದಿ ಕೇಳುವುದು ಜೂನ್ 30ರ ಸ್ಥಿತಿಯನ್ನು. ಜುಲೈ ಹಣ ಜುಲೈ ವರದಿಗೆ.

ಇಷ್ಟೆಲ್ಲವನ್ನೂ ಇಮೇಲ್‌ನಲ್ಲಿ ವಿವರಿಸಿದರೆ ಒಳ್ಳೆಯದು ಎಂಬುದು ಕೇಂದ್ರ ಕಚೇರಿಯ ಕಡೆಯ ತಪ್ಪು ಕಲ್ಪನೆ. ತಿಂಗಳ ಮೊದಲ ವಾರದಲ್ಲಿ ಕೌಂಟರಿನ ಮುಂದೆ ಸಾಲು ನಿಂತಿರುವಾಗ ನಾಲ್ಕು ಪುಟದ ಪತ್ರವನ್ನು ಮ್ಯಾನೇಜರ್ ಓದಲಾರರು. ಕಾರಣಗಳನ್ನು ಬಿಟ್ಟು ಮಾಡಬೇಕಾದ್ದನ್ನು ಮಾತ್ರ ಬರೆದರೆ ಪತ್ರ ಇಷ್ಟಕ್ಕೆ ಮುಗಿಯುತ್ತದೆ:

‘ವಿಷಯ: ಜೂನ್ ಮಾಸಿಕ ವರದಿ, ಹೊಸ ನಮೂನೆ. ಜುಲೈ 5ರ ಸಂಜೆ 4 ಗಂಟೆಯೊಳಗೆ.

ಮಾನ್ಯರೇ, ಹೊಸ ನಮೂನೆ ಲಗತ್ತಿಸಿದೆ. ಎಲ್ಲ ಅಂಕಿಗಳೂ ಜೂನ್ 30ರ ದಿನದ ಕೊನೆಗೆ ಇದ್ದಂತೆ ಇರಲಿ, ಜುಲೈ ವಸೂಲಿಯನ್ನು ಸೇರಿಸಬೇಡಿ. ಮೊತ್ತವನ್ನು ಪೂರ್ತಿ ರೂಪಾಯಿಯಲ್ಲಿ ಬರೆಯಿರಿ: 1250000. “ರೂ.”, “/-”, “ಲಕ್ಷ” ಬೇಡ. ಏನೂ ಇಲ್ಲವೆಂದು ಖಚಿತವಾದರೆ 0 ಬರೆಯಿರಿ; ಮಾಹಿತಿ ಸಿಗದಿದ್ದರೆ ಖಾಲಿ ಬಿಟ್ಟು ಷರಾ ಬರೆಯಿರಿ. ತಾರೀಖು 30-Jun-2025 ಎಂಬಂತೆ ಇರಲಿ. ಭಾಗಶಃ ವಸೂಲಿಯಾದ ಎನ್‌ಪಿಎ ಖಾತೆಯನ್ನು ಪಟ್ಟಿಯಿಂದ ತೆಗೆಯಬೇಡಿ. ಸಾಲು, ಕಾಲಂ ಸೇರಿಸಬೇಡಿ. ಹೆಚ್ಚಿನ ವಿವರವಿದ್ದರೆ ಷರಾದಲ್ಲಿ ಬರೆಯಿರಿ. ತುಂಬಿದ ಮಾದರಿ ಎರಡನೇ ಹಾಳೆಯಲ್ಲಿದೆ. ಸಂದೇಹವಿದ್ದರೆ ಕಳುಹಿಸುವ ಮುನ್ನ ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿ.’

ಇದರಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ಎರಡನೇ ಹಾಳೆಯಲ್ಲಿರುವ ತುಂಬಿದ ಮಾದರಿ. ಸೂಚನೆಯನ್ನು ಓದದವರೂ ಅದನ್ನು ನೋಡಿ ಬರೆಯುತ್ತಾರೆ, ಆದ್ದರಿಂದ ಅದರಲ್ಲಿ ಒಂದು ಸೊನ್ನೆ, ಷರಾ ಇರುವ ಒಂದು ಖಾಲಿ ಚೌಕ ಮತ್ತು ಭಾಗಶಃ ಹಣ ಬಂದ ಒಂದು ಎನ್‌ಪಿಎ ಖಾತೆ ಇರಲೇಬೇಕು.

ಸಂಖ್ಯೆ ಬಿಟ್ಟು ಬೇರೇನನ್ನೂ ಸ್ವೀಕರಿಸದಂತೆ ನಮೂನೆಯ ಚೌಕಗಳಿಗೆ ಡೇಟಾ ವ್ಯಾಲಿಡೇಷನ್ ಹಾಕಿದರೆ ಪತ್ರವೇ ಬೇಡ ಎನ್ನುವವರಿದ್ದಾರೆ. ಅದನ್ನು ಹಾಕಬೇಕು, ನಿಜ. ಆದರೆ ಆ ತಡೆ ಕೆಲಸ ಮಾಡುವುದು ಕೈಯಿಂದ ಟೈಪ್ ಮಾಡಿದಾಗ ಮಾತ್ರ. ಹಳೆಯ ನಮೂನೆಯಿಂದ ಕಾಪಿ ಮಾಡಿ ಅಂಟಿಸಿದರೆ ತಪ್ಪು ಅಂಕಿ ಒಳಗೆ ಬರುವುದಷ್ಟೇ ಅಲ್ಲ, ಆ ಚೌಕಕ್ಕೆ ಹಾಕಿದ್ದ ತಡೆಯೂ ಅಳಿಸಿಹೋಗಬಹುದು. ಹೊಸ ನಮೂನೆಯ ಮೊದಲ ತಿಂಗಳು ಶಾಖೆಗಳು ಹೆಚ್ಚಾಗಿ ಮಾಡುವುದು ಅದನ್ನೇ. ಹೀಗಾಗಿ ಮೊದಲ ಎರಡು ಮೂರು ತಿಂಗಳು ಕೂಡಿಸುವ ಮುನ್ನ ಪ್ರತಿ ಫೈಲನ್ನೂ ತೆರೆದು ಎಡಕ್ಕೆ ಒರಗಿದ ಅಂಕಿಗಳನ್ನು ಕಣ್ಣಿಂದಲೇ ಹುಡುಕುವ ಕೆಲಸ ಕೇಂದ್ರ ಕಚೇರಿಗೆ ಇದ್ದೇ ಇರುತ್ತದೆ.