‘ಕೇಸು ವಾಪಸ್ ತಗೊ’ ಎಂದು ಮನೆಗೆ ಬಂದವರು

ಒಂದು ಕೇಸನ್ನು ಕಣ್ಣೆದುರಿಗೆ ಇಟ್ಟುಕೊಂಡು ಮಾತಾಡೋಣ. ಊರು, ಹೆಸರು ಯಾವುದಾದರೂ ಆಗಲಿ. ದಲಿತ ಕೇರಿಯ ಒಬ್ಬ ತಾಯಿ, ಕೂಲಿ ಮಾಡಿ ಬದುಕುವವರು. ಅವರ ಮಗನನ್ನು ಮೇಲುಕೇರಿಯ ಮೂವರು ದಾರಿಯಲ್ಲಿ ಅಡ್ಡಗಟ್ಟಿ, ಜಾತಿ ಹಿಡಿದು ಬೈದು, ಮಚ್ಚಿನಿಂದ ಹೊಡೆದು ಕೈ ಮುರಿದರು. ತಾಯಿ ದೂರು ಕೊಟ್ಟರು, ಎಫ್ಐಆರ್ ಆಯಿತು, ಮೂವರೂ ಒಳಗೆ ಹೋದರು, ಕೆಲವು ವಾರಗಳ ಮೇಲೆ ಜಾಮೀನು ಸಿಕ್ಕಿ ಹೊರಗೆ ಬಂದರು.

ಅವರು ಬಂದ ವಾರದಲ್ಲೇ ಒಂದು ಸಂಜೆ ತಾಯಿಯ ಮನೆ ಜಗಲಿಗೆ ಮೂರು ಜನ ಬರುತ್ತಾರೆ. ಆರೋಪಿಗಳು ಅವರಲ್ಲಿ ಯಾರೂ ಇಲ್ಲ. ಒಬ್ಬರು ಪಂಚಾಯ್ತಿಯ ಮಾಜಿ ಮೆಂಬರು, ಒಬ್ಬರು ಅಂಗಡಿಯವರು, ಮೂರನೆಯವರು ತಾಯಿಯ ಸ್ವಂತ ಬಾವ. ನೀರು ಕೇಳಿ ಕುಡಿಯುತ್ತಾರೆ. ‘ಆಗಿದ್ದು ಆಗೋಯ್ತು ಕಣಮ್ಮ. ಹುಡುಗನ ಕೈ ಕೂಡ್ಕೊಂಡಿದೆ. ಖರ್ಚಿಗೆ ಅಂತ ಐವತ್ತು ಸಾವಿರ ಕೊಡ್ತಾರೆ. ತಪ್ಪು ತಿಳ್ಕೊಂಡು ದೂರು ಕೊಟ್ಟೆ, ಯಾರು ಹೊಡೆದ್ರೋ ಗೊತ್ತಿಲ್ಲ ಅಂತ ಬರ್ಕೊಡು, ಮುಗೀತು.’ ತಾಯಿ ಸುಮ್ಮನಿರುತ್ತಾರೆ. ಎದ್ದು ಹೊರಡುವಾಗ ಅಂಗಡಿಯವರು ಚಪ್ಪಲಿ ಮೆಟ್ಟುತ್ತಾ, ‘ಮಗಳು ದಿನಾ ಬಸ್ಸಲ್ಲಿ ಕಾಲೇಜಿಗೆ ಹೋಗ್ತಾಳಲ್ಲ, ಅವಳ ಬಗ್ಗೆನೂ ಯೋಚ್ನೆ ಮಾಡು’ ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ಡೇರಿಯಲ್ಲಿ ಆ ಮನೆಯ ಹಾಲು ಹಾಕಿಸಿಕೊಳ್ಳುವುದಿಲ್ಲ. ಕೂಲಿಗೆ ಕರೆಯುತ್ತಿದ್ದವರು ಕರೆಯುವುದಿಲ್ಲ.

ಕೇಸು ಸಾಯುವುದು ಹೆಚ್ಚಾಗಿ ಹೀಗೆ, ಜಗಲಿಯ ಮೇಲೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಕಂಬಾಲಪಲ್ಲಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ತಿರುಗಿಬಿದ್ದಿದ್ದರು. ಸಾಕ್ಷಿ ತಿರುಗಿಬಿದ್ದ ಎಂದು ನಾವು ಹೇಳುವ ಮಾತಿನಲ್ಲಿ ಸಾಕ್ಷಿಯದೇ ತಪ್ಪು ಎಂಬ ದನಿ ಇದೆ. ಆರು ವರ್ಷ ಅದೇ ಊರಿನಲ್ಲಿ, ಅದೇ ನೀರು ಕುಡಿದುಕೊಂಡು, ಅದೇ ಜನರ ಹೊಲದಲ್ಲಿ ದುಡಿದುಕೊಂಡು ಕೋರ್ಟಿನ ಕರೆಗೆ ಕಾಯುವುದೆಂದರೇನು ಎಂದು ಆ ಮಾತು ಕೇಳುವುದಿಲ್ಲ.

ಈಗ ಆ ಜಗಲಿಗೆ ಮರಳೋಣ. ಬಂದವರು ಹೇಳಿದ ಮೊದಲ ಮಾತೇ ಸುಳ್ಳು. ‘ಬರೆದುಕೊಟ್ಟರೆ ಮುಗೀತು’ ಎಂಬುದು ಕಾನೂನಿನಲ್ಲಿಲ್ಲ. ಎಫ್ಐಆರ್ ಆದ ಮೇಲೆ ಆ ಕೇಸು ತಾಯಿಯದಲ್ಲ, ಸರ್ಕಾರದ್ದು. ಸಣ್ಣಪುಟ್ಟ ಕೆಲವು ಅಪರಾಧಗಳಲ್ಲಿ ಮಾತ್ರ ಕೋರ್ಟಿನ ಮುಂದೆ ರಾಜಿಗೆ ಅವಕಾಶವಿದೆ. ಮಚ್ಚಿನಿಂದ ಕೈ ಮುರಿದದ್ದಾಗಲಿ, ದೌರ್ಜನ್ಯ ತಡೆ ಕಾಯ್ದೆಯ ಅಪರಾಧವಾಗಲಿ ಆ ಪಟ್ಟಿಯಲ್ಲಿಲ್ಲ. ಪ್ರಾಸಿಕ್ಯೂಷನ್ ಕೈಬಿಡಬೇಕಾದರೆ ಸರ್ಕಾರಿ ಅಭಿಯೋಜಕರು ಕೋರ್ಟಿನ ಒಪ್ಪಿಗೆ ಪಡೆಯಬೇಕು, ರದ್ದಾಗಬೇಕಾದರೆ ಹೈಕೋರ್ಟು ಮಾಡಬೇಕು. ಠಾಣೆಯಲ್ಲಿ ಬರೆದುಕೊಟ್ಟ ಕಾಗದದಿಂದ ಆಗುವುದು ಇಷ್ಟೇ: ನಾಳೆ ಕೋರ್ಟಿನಲ್ಲಿ ಆರೋಪಿಯ ವಕೀಲರು ಅದನ್ನು ಹಿಡಿದು ತಾಯಿಯನ್ನೇ ಸುಳ್ಳುಗಾರ್ತಿ ಮಾಡುತ್ತಾರೆ. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಸುಳ್ಳು ಸಾಕ್ಷ್ಯದ ಕೇಸೂ ಅವರ ಮೇಲೆಯೇ ಬರಬಹುದು.

ಎರಡನೆಯದು, ಆ ಸಂಜೆ ನಡೆದದ್ದು ಹಳೆಯ ಕೇಸಿನ ಬಾಲವಲ್ಲ, ಹೊಸ ಅಪರಾಧ. ಅದನ್ನು ಬಿಡಿಸಿ ನೋಡಿದರೆ ಮೂರು ಎಳೆ ಸಿಗುತ್ತವೆ. ಮಗಳ ಬಸ್ಸಿನ ಮಾತು ಬೆದರಿಕೆ. ಸುಳ್ಳು ಸಾಕ್ಷಿ ಹೇಳಿಸಲು ಒಬ್ಬರ ಮೈಗೆ, ಮಾನಕ್ಕೆ ಅಥವಾ ಆಸ್ತಿಗೆ ಹಾನಿ ಮಾಡುವುದಾಗಿ ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆ. ಅವರಿಗೆ ಬೇಕಾದವರ ಮೈಗೆ, ಮಾನಕ್ಕೆ ಹಾನಿ ಮಾಡುವುದಾಗಿ ಬೆದರಿಸಿದರೂ ಅದೇ ಶಿಕ್ಷೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ 195ಎ ಆಗಿತ್ತು. ಐವತ್ತು ಸಾವಿರದ ಮಾತು ಆಮಿಷ. ಇಂಥ ಕೇಸಿನ ಜಾಮೀನಿಗೆ, ಕೇಸು ಬಲ್ಲವರಿಗೆ ನೇರವಾಗಿ ಇಲ್ಲವೇ ಬೇರೆಯವರ ಮೂಲಕ ಆಮಿಷ, ಬೆದರಿಕೆ, ಆಶ್ವಾಸನೆ ಒಡ್ಡಬಾರದು ಎಂಬ ಷರತ್ತು ಇರುತ್ತದೆ. ಆರೋಪಿಗಳು ತಾವೇ ಬರದೆ ಹಿರಿಯರನ್ನು ಕಳಿಸಿದರೂ ಷರತ್ತು ಮುರಿದಂತೆಯೇ. ಡೇರಿಯಲ್ಲಿ ಹಾಲು ಬೇಡವೆಂದದ್ದು, ಕೂಲಿ ನಿಲ್ಲಿಸಿದ್ದು ಆರ್ಥಿಕ ಬಹಿಷ್ಕಾರ. ಪರಿಶಿಷ್ಟರ ಮೇಲೆ ಅದನ್ನು ಹೇರುವುದು, ಹೇರುತ್ತೇವೆ ಎಂದು ಹೆದರಿಸುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ತಾನೇ ಒಂದು ಅಪರಾಧ.

ದೂರು ಬರೆಯುವಲ್ಲಿಯೇ ಅರ್ಧ ಕೆಲಸ ಹಾಳಾಗುವುದುಂಟು. ‘ಮನೆಗೆ ಬಂದು ಬೆದರಿಸಿದರು, ರಕ್ಷಣೆ ಕೊಡಿ’ ಎಂದಷ್ಟೇ ಬರೆದರೆ ಠಾಣೆಯಲ್ಲಿ ಅದನ್ನು ಸಾಮಾನ್ಯ ಬೆದರಿಕೆ ಎಂದು ತೆಗೆದುಕೊಂಡು, ಎನ್‌ಸಿಆರ್ ಮಾಡಿ, ಒಂದು ಹಿಂಬರಹ ಕೊಟ್ಟು ಕಳಿಸುವುದು ಸುಲಭ. ಹಳೆಯ ಕೇಸಿನ ಕ್ರೈಂ ನಂಬರನ್ನು ಮೊದಲ ಸಾಲಿನಲ್ಲೇ ಹಾಕಬೇಕು. ಬಂದವರು ಯಾರು, ಯಾವ ದಿನ, ಎಷ್ಟು ಗಂಟೆಗೆ, ಜೊತೆಯಲ್ಲಿ ಮನೆಯವರು ಯಾರಿದ್ದರು ಎಂಬುದು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಏನೆಂದು ಬರೆದುಕೊಡಲು, ಏನೆಂದು ಸಾಕ್ಷಿ ನುಡಿಯಲು ಹೇಳಿದರು, ಒಪ್ಪದಿದ್ದರೆ ಏನಾಗುತ್ತದೆ ಎಂದರು ಎಂಬುದು ಅವರದೇ ಮಾತಿನಲ್ಲಿ ಇರಬೇಕು. ‘ಯಾರು ಹೊಡೆದ್ರೋ ಗೊತ್ತಿಲ್ಲ ಅಂತ ಬರ್ಕೊಡು’ ಮತ್ತು ‘ಮಗಳು ಬಸ್ಸಲ್ಲಿ ಹೋಗ್ತಾಳಲ್ಲ’, ಈ ಎರಡು ವಾಕ್ಯಗಳು ಕಾಗದದ ಮೇಲೆ ಪಕ್ಕಪಕ್ಕ ಬಂದಾಗಲೇ ಅದು 232ಕ್ಕೆ ಸೇರುತ್ತದೆ. ನೆನಪು ಮಾಸುವ ಮುಂಚೆ, ಅದೇ ರಾತ್ರಿ ಮಗಳ ನೋಟ್‌ಬುಕ್ಕಿನಲ್ಲಾದರೂ ತಾರೀಖು ಹಾಕಿ ಬರೆದಿಡಬೇಕು. ಫೋನಿನಲ್ಲಿ ಬೆದರಿಸಿದ್ದರೆ ವಾಯ್ಸ್ ಮೆಸೇಜನ್ನು ಅಳಿಸಬಾರದು, ಸಿಟ್ಟಿನಲ್ಲಿ ಫೋನನ್ನೇ ಬದಲಿಸಬಾರದು. ಸ್ಕ್ರೀನ್‌ಶಾಟಿಗಿಂತ ಮೂಲ ಫೋನಿಗೇ ಹೆಚ್ಚು ಬೆಲೆ.

ಬಾವನ ಹೆಸರು ಬರೆಯುವುದೇ ಎಂದು ತಾಯಿ ಹಿಂಜರಿಯುತ್ತಾರೆ. ಆ ಸಂಕಟ ದೊಡ್ಡದು, ಅದನ್ನು ಎಣಿಸಿಯೇ ಬಾವನನ್ನು ಕರೆತಂದಿರುತ್ತಾರೆ. ಯಾರು ಯಾವ ಮಾತು ಆಡಿದರು ಎಂಬುದನ್ನು ಇದ್ದದ್ದು ಇದ್ದಹಾಗೆ ಬರೆದರೆ ಸಾಕು. ಬೆದರಿಸಿದವರು ಅಂಗಡಿಯವರು, ಸುಮ್ಮನೆ ಕೂತಿದ್ದವರು ಬಾವ ಎಂದಾದರೆ ಹಾಗೆಯೇ ಬರೆಯಲಿ.

ಠಾಣೆಯಲ್ಲಿ ಬಹಳ ಕಾಲ ಒಂದು ಉತ್ತರ ಸಿಗುತ್ತಿತ್ತು: ‘ಸಾಕ್ಷಿಗೆ ಬೆದರಿಕೆ ಅಂದ್ರೆ ಕೋರ್ಟಿಗೇ ಹೋಗಿ ಹೇಳ್ಕೊಳಿ, ನಾವು ಎಫ್ಐಆರ್ ಮಾಡೋ ಹಾಗಿಲ್ಲ.’ ಕೆಲವು ಹೈಕೋರ್ಟುಗಳ ತೀರ್ಪುಗಳೂ ಆ ದಿಕ್ಕಿನಲ್ಲಿದ್ದವು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿತು. 195ಎ ಪೊಲೀಸರೇ ನೇರವಾಗಿ ಎಫ್ಐಆರ್ ಮಾಡಬಹುದಾದ ಅಪರಾಧ, ಬೆದರಿದ ಸಾಕ್ಷಿಯನ್ನು ಮೊದಲು ಕೋರ್ಟಿಗೆ ಓಡಿಸಬೇಕಿಲ್ಲ ಎಂದಿತು. ದೌರ್ಜನ್ಯ ಕೇಸಿನಲ್ಲಂತೂ ಕಾನೂನು ಇನ್ನೂ ಗಟ್ಟಿ. ಕಾಯ್ದೆಯ 15ಎ ಕಲಂ ಪ್ರಕಾರ ಬೆದರಿಕೆ, ಒತ್ತಾಯ, ಆಮಿಷ ಯಾವುದರ ದೂರನ್ನಾದರೂ, ಬಾಯಿಮಾತಿನಲ್ಲಿ ಹೇಳಿದರೂ, ಠಾಣಾಧಿಕಾರಿ ಮತ್ತು ತನಿಖಾಧಿಕಾರಿ ದಾಖಲಿಸಲೇಬೇಕು. ಎಫ್ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಬೇಕು.

ಠಾಣೆಯ ಜೊತೆಗೆ ಕೋರ್ಟಿನ ಬಾಗಿಲನ್ನೂ ತಟ್ಟಬೇಕು, ಒಂದನ್ನು ನಂಬಿ ಇನ್ನೊಂದನ್ನು ಬಿಡಬಾರದು. ದೂರಿನ ಪ್ರತಿಯನ್ನು ಸರ್ಕಾರಿ ಅಭಿಯೋಜಕರಿಗೆ ಕೊಟ್ಟು, ಜಾಮೀನು ಷರತ್ತು ಮುರಿದಿದ್ದಾರೆ, ಜಾಮೀನು ರದ್ದು ಮಾಡಿ ಎಂದು ಅರ್ಜಿ ಹಾಕಿಸಬಹುದು. ನನ್ನ ಅಭಿಪ್ರಾಯದಲ್ಲಿ ಊರ ಹಿರಿಯರ ಓಡಾಟ ಬೇಗ ನಿಲ್ಲುವುದು ಇದರಿಂದ, ಏಕೆಂದರೆ ಮತ್ತೆ ಜೈಲಿಗೆ ಹೋಗುವವರು ಅವರನ್ನು ಕಳಿಸಿದವರೇ. 15ಎ ಪ್ರಕಾರ ವಿಶೇಷ ನ್ಯಾಯಾಲಯ ಇಂಥ ಕಿರುಕುಳದ ದೂರಿನ ಮೇಲೆ, ಅಗತ್ಯವಿದ್ದರೆ ಅದೇ ದಿನ, ರಕ್ಷಣೆಯ ಆದೇಶ ಮಾಡಬಹುದು. ಈ ದೂರಿನ ವಿಚಾರಣೆ ಮುಖ್ಯ ಕೇಸಿನಿಂದ ಬೇರೆಯಾಗಿ, ಎರಡು ತಿಂಗಳಲ್ಲಿ ಮುಗಿಯಬೇಕು.

ಮೂರನೆಯ ಬಾಗಿಲು ಇದೆ ಎಂಬುದೇ ಹೆಚ್ಚಿನವರಿಗೆ ತಿಳಿದಿಲ್ಲ. ಅದು ಯಾವ ಜಾತಿಯ, ಯಾವ ಊರಿನ ಸಾಕ್ಷಿಗೂ ತೆರೆದಿರುವ ಸಾಕ್ಷಿ ಸಂರಕ್ಷಣಾ ಯೋಜನೆ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಿಗೆ, ಜೊತೆಗೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳದಂಥ ಕೆಲವಕ್ಕೆ ಇದು ಅನ್ವಯಿಸುತ್ತದೆ. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಮತ್ತು ಪ್ರಾಸಿಕ್ಯೂಷನ್ ಮುಖ್ಯಸ್ಥರು ಇರುವ ಸಮಿತಿಗೆ ಅರ್ಜಿ. ಸಾಕ್ಷಿಯೇ ಕೊಡಬಹುದು, ಮನೆಯವರು, ವಕೀಲರು, ತನಿಖಾಧಿಕಾರಿಯೂ ಕೊಡಬಹುದು. ಸಮಿತಿ ಕೇಳಿದ ಐದು ಕೆಲಸದ ದಿನಗಳಲ್ಲಿ ಡಿವೈಎಸ್‌ಪಿ ಬೆದರಿಕೆ ಎಷ್ಟು ಗಂಭೀರ ಎಂದು ಗುಟ್ಟಿನ ವರದಿ ಕೊಡಬೇಕು. ವರದಿ ಬಂದ ಐದು ಕೆಲಸದ ದಿನಗಳಲ್ಲಿ ಅರ್ಜಿ ತೀರ್ಮಾನವಾಗಬೇಕು. ತುರ್ತಿದ್ದರೆ ಅಷ್ಟರೊಳಗೆ ಮಧ್ಯಂತರ ರಕ್ಷಣೆ. ಮನೆ ಸುತ್ತ ಪೊಲೀಸ್ ಗಸ್ತು, ಸಿಸಿಟಿವಿ, ಕೋರ್ಟಿಗೆ ಸರ್ಕಾರಿ ವಾಹನ, ಸಾಕ್ಷಿ ಹೇಳುವಾಗ ಆರೋಪಿಯ ಮುಖ ಎದುರಾಗದ ಹಾಗೆ ಏರ್ಪಾಡು, ತೀರಾ ಅಪಾಯವಿದ್ದರೆ ಊರು ಬದಲಾವಣೆ, ಇವೆಲ್ಲ ಅದರಲ್ಲಿವೆ. ಆ ತಾಯಿ ಕೇಳಬೇಕಾದದ್ದು ದೊಡ್ಡದಲ್ಲ: ಮಗಳು ಬಸ್ಸು ಹತ್ತುವ ಹೊತ್ತಿಗೆ ಬೀಟ್ ಪೊಲೀಸರು ನಿಲ್ದಾಣದಲ್ಲಿರಲಿ, ಕೋರ್ಟಿನ ದಿನ ವಾಹನ ಬರಲಿ. ಹೀಗೆ ಖಚಿತವಾಗಿ ಕೇಳಿದ್ದನ್ನು ಕೊಡುವುದು ಸುಲಭ, ಕೊಡದಿದ್ದರೆ ತೋರಿಸುವುದೂ ಸುಲಭ.

ಇದರ ಮಿತಿಯನ್ನೂ ಹೇಳಬೇಕು. ಒಂದು ಆದೇಶ ಒಮ್ಮೆಗೆ ಮೂರು ತಿಂಗಳಿಗೆ ಮೀರುವುದಿಲ್ಲ, ಕೇಸು ವರ್ಷಗಟ್ಟಲೆ ನಡೆಯುತ್ತದೆ. ಅವಧಿ ಮುಗಿಯುವ ಮುಂಚೆ ಮತ್ತೆ ಅರ್ಜಿ ಕೊಡುವುದನ್ನು ಮರೆತರೆ ಗಸ್ತು ನಿಂತೇಹೋಗುತ್ತದೆ. ವರದಿ ಕೊಡುವವರು ಅದೇ ಪೊಲೀಸರು, ಅವರಿಗೆ ಊರಿನ ಒತ್ತಡ ಇರುವುದೇ ಇಲ್ಲವೆಂದು ಹೇಳಲಾಗದು. ಹಾಲು ಕೊಳ್ಳದ ಡೇರಿಯನ್ನು ಯಾವ ಸಿಸಿಟಿವಿಯೂ ಸರಿಮಾಡದು. ಅದಕ್ಕೆ ಬಹಿಷ್ಕಾರದ ದೂರೇ ಬೇರೆ ಬೇಕು.

ಅರ್ಜಿ ಬರೆಯಲು ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹೆಂಗಸರಿಗೆ, ಪರಿಶಿಷ್ಟರಿಗೆ ಇದಕ್ಕೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100. ಬಾಗಿಲಲ್ಲಿ ಜನ ಸೇರಿದ್ದರೆ ಮೊದಲು 112.

ಇದನ್ನು ಓದುತ್ತಿರುವ ಹೆಚ್ಚಿನವರು ಆ ತಾಯಿಯ ಸ್ಥಾನದಲ್ಲಿಲ್ಲ. ಒಂದು ದಿನ ಯಾರಾದರೂ ನಿಮ್ಮನ್ನೇ ಬಂದು ಕರೆಯಬಹುದು: ‘ನೀವು ಹೇಳಿದ್ರೆ ಕೇಳ್ತಾರೆ, ಒಂದ್ಸಲ ಬಂದು ಕೂತ್ಕೊಳಿ ಸಾಕು.’ ಆ ಜಗಲಿಗೆ ಹೋಗಬೇಡಿ. ಹೋಗಲೇಬೇಕಾದರೆ ಕೋರ್ಟಿನ ದಿನ ಹೋಗಿ, ಆ ತಾಯಿಯ ಜೊತೆ ಬಸ್ಸು ಹತ್ತಿ.