‘ಎಲ್ಲಿ’ ಎಂಬ ಪದದ ಪ್ರಯಾಣ

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಗೆ ಒಬ್ಬ ಅತಿಥಿ ಬಂದಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಧೈರ್ಯ ಮಾಡಿ ಎದ್ದು ನಿಂತು, “ಮೇಡಂ, ಯು ಆರ್ ಕಮಿಂಗ್ ಫ್ರಮ್ ವೇರ್?” ಎಂದು ಕೇಳಿದಳು. ಅತಿಥಿ ನಕ್ಕುಬಿಟ್ಟರು. ಹುಡುಗಿ ಕುಳಿತಳು. ಆಮೇಲೆ ಅನೇಕ ವಾರ ಅವಳು ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ಬಾಯಿ ತೆರೆಯಲಿಲ್ಲ.

ಅವಳು ಮಾಡಿದ ತಪ್ಪಾದರೂ ಏನು? ಪದಗಳೆಲ್ಲ ಸರಿಯೇ ಇದ್ದವು. ಅವಳು ತನ್ನ ಮನೆಮಾತಿನ ನಿಯಮವನ್ನು ಪಾಲಿಸಿದ್ದಳು, ಅಷ್ಟೆ.

“ಸಲ್ಮಾ ಮೈಸೂರಿಗೆ ಹೋದಳು” ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಊರು ಗೊತ್ತಿಲ್ಲದಿದ್ದರೆ ‘ಮೈಸೂರಿಗೆ’ ಎಂಬಲ್ಲಿ ‘ಎಲ್ಲಿಗೆ’ ಎಂದು ಇಟ್ಟರೆ ಸಾಕು: “ಸಲ್ಮಾ ಎಲ್ಲಿಗೆ ಹೋದಳು?” ಉರ್ದು, ಹಿಂದಿಯಲ್ಲೂ ಹೀಗೆಯೇ: “ಸಲ್ಮಾ ಕಹಾಂ ಗಯೀ?” ಉತ್ತರ ಕೂರುವ ಜಾಗದಲ್ಲೇ ಪ್ರಶ್ನೆಯ ಪದವೂ ಕೂರುತ್ತದೆ.

ಇಂಗ್ಲಿಷ್‌ನಲ್ಲಿ ಹಾಗಲ್ಲ. “ಸಲ್ಮಾ ವೆಂಟ್ ಟು ಮೈಸೂರು” ಎಂಬುದನ್ನು ಪ್ರಶ್ನೆ ಮಾಡಲು ಎರಡು ಕೆಲಸ ಆಗಬೇಕು. ಮೊದಲನೆಯದು, ‘ವೇರ್’ ಎಂಬ ಪದ ಕೊನೆಯಿಂದ ವಾಕ್ಯದ ತಲೆಗೆ ಬರಬೇಕು. ಎರಡನೆಯದು, ಸಹಾಯಕ ಕ್ರಿಯಾಪದ ಸಲ್ಮಾಳಿಗಿಂತ ಮುಂದೆ ಬರಬೇಕು. ಇಲ್ಲಿ ಅಂಥ ಕ್ರಿಯಾಪದ ಇಲ್ಲದ ಕಾರಣ ‘ಡಿಡ್’ ಬರುತ್ತದೆ: “ವೇರ್ ಡಿಡ್ ಸಲ್ಮಾ ಗೋ?” ‘ಡಿಡ್’ ಭೂತಕಾಲವನ್ನು ಹೊತ್ತುಕೊಂಡದ್ದರಿಂದ ‘ವೆಂಟ್’ ಹೋಗಿ ‘ಗೋ’ ಆಯಿತು. ಮಕ್ಕಳು “ವೇರ್ ಡಿಡ್ ಸಲ್ಮಾ ವೆಂಟ್” ಎಂದು ಬರೆಯುವುದು ಇಲ್ಲೇ.

ಪದವನ್ನು ಇದ್ದಲ್ಲೇ ಬಿಟ್ಟು “ಸಲ್ಮಾ ವೆಂಟ್ ವೇರ್?” ಎಂದು ಇಂಗ್ಲಿಷಿನವರೂ ಹೇಳುವುದುಂಟು. ಆದರೆ ಹೆಚ್ಚಾಗಿ, ಕೇಳಿದ್ದನ್ನು ನಂಬಲಾಗದೆ “ಏನು, ಎಲ್ಲಿಗೆ ಹೋದಳು ಅಂದಿರಿ?” ಎಂದು ಬೆರಗುಪಡುವಾಗ. ನಮ್ಮ ಹುಡುಗಿಯ ವಿನಯದ ಪ್ರಶ್ನೆ ಅತಿಥಿಯ ಕಿವಿಗೆ ಹೀಗೆ ಬೆರಗಿನಂತೆ ಕೇಳಿಸಿತ್ತು!

ಮದ್ರಸದಲ್ಲಿ ಅರಬಿ ವ್ಯಾಕರಣ ಓದಿದವರಿಗೆ ಈ ನಿಯಮ ಹೊಸದಲ್ಲ. “ಐನ ತಸ್ಕುನು?” ಅಂದರೆ ‘ನೀನು ಎಲ್ಲಿ ವಾಸಿಸುತ್ತೀ?’ ಅಲ್ಲಿ ‘ಐನ’ ಮೊದಲು ಬರುತ್ತದೆ. ಪ್ರಶ್ನಾಪದಗಳಿಗೆ ವಾಕ್ಯದ ‘ಸದಾರತ್’, ಅಂದರೆ ಮುಂದಿನ ಪೀಠದ ಹಕ್ಕು ಇದೆ ಎಂದು ನಮ್ಮ ಉಸ್ತಾದರು ಕಲಿಸುತ್ತಿದ್ದರು. ಇಂಗ್ಲಿಷ್‌ನ ‘ವೇರ್’ಗೂ ಅದೇ ಹಕ್ಕು. ಆದರೆ ಅರಬಿಯಲ್ಲಿ ‘ಡಿಡ್’ ತರುವ ಕಷ್ಟವಿಲ್ಲ.

ನಿಜವಾದ ತೊಡಕು ಒಂದು ವಾಕ್ಯದೊಳಗೆ ಇನ್ನೊಂದು ವಾಕ್ಯ ಸೇರಿದಾಗ ಬರುತ್ತದೆ. ಕನ್ನಡದಲ್ಲಿ ಎರಡು ಪ್ರಶ್ನೆ ನೋಡಿ:

“ಸಲ್ಮಾ ಎಲ್ಲಿಗೆ ಹೋದಳು ಅಂತ ನಿನಗೆ ಗೊತ್ತಾ?”
“ಸಲ್ಮಾ ಎಲ್ಲಿಗೆ ಹೋದಳು ಅಂತ ನಿನಗನಿಸುತ್ತದೆ?”

ಎರಡರಲ್ಲೂ ‘ಎಲ್ಲಿಗೆ’ ಕದಲಿಲ್ಲ. ಆದರೆ ಮೊದಲನೆಯದಕ್ಕೆ “ಹೂಂ, ಗೊತ್ತು” ಎಂದರೆ ಉತ್ತರವಾಯಿತು. ಎರಡನೆಯದಕ್ಕೆ “ಹೂಂ” ಎಂದರೆ ಆಗದು, ಊರಿನ ಹೆಸರನ್ನೇ ಹೇಳಬೇಕು. ಈ ವ್ಯತ್ಯಾಸವನ್ನು ನಾವು ಕೊನೆಯ ಕ್ರಿಯಾಪದದಿಂದ ತಿಳಿಯುತ್ತೇವೆ. ಇಂಗ್ಲಿಷ್ ಅದನ್ನು ‘ವೇರ್’ ಎಷ್ಟು ದೂರ ಪ್ರಯಾಣ ಮಾಡಿತು ಎಂಬುದರಿಂದ ತೋರಿಸುತ್ತದೆ. ಮೊದಲನೆಯದರಲ್ಲಿ ಅದು ಒಳವಾಕ್ಯದ ಬಾಗಿಲಿನವರೆಗೆ ಬಂದು ನಿಲ್ಲುತ್ತದೆ: “ಡು ಯು ನೋ ವೇರ್ ಸಲ್ಮಾ ವೆಂಟ್?” ಎರಡನೆಯದರಲ್ಲಿ ಇಡೀ ವಾಕ್ಯದ ಹೆಬ್ಬಾಗಿಲಿಗೇ ಬರುತ್ತದೆ: “ವೇರ್ ಡು ಯು ಥಿಂಕ್ ಸಲ್ಮಾ ವೆಂಟ್?”

ಕನ್ನಡ ಮಾತಾಡುವ ಮಗು “ಡು ಯು ಥಿಂಕ್ ವೇರ್ ಸಲ್ಮಾ ವೆಂಟ್” ಎನ್ನುವುದುಂಟು. ಉರ್ದು ಮನೆಮಾತಿನ ಮಗು “ವಾಟ್ ಡು ಯು ಥಿಂಕ್ ವೇರ್ ಸಲ್ಮಾ ವೆಂಟ್” ಎನ್ನಬಹುದು. ಏಕೆಂದರೆ ಉರ್ದುವಿನಲ್ಲಿ “ತುಮ್ ಕ್ಯಾ ಸೋಚ್ತೀ ಹೋ ಕಿ ಸಲ್ಮಾ ಕಹಾಂ ಗಯೀ?” ಎನ್ನುತ್ತೇವೆ. ‘ಕಹಾಂ’ ಒಳವಾಕ್ಯದಲ್ಲೇ ಇರುತ್ತದೆ, ಇಡೀ ಮಾತು ಪ್ರಶ್ನೆಯೆಂದು ಸೂಚಿಸಲು ಮುಂದೆ ‘ಕ್ಯಾ’ ಬರುತ್ತದೆ. ಆ ‘ಕ್ಯಾ’ವನ್ನು ಮಗು ‘ವಾಟ್’ ಎಂದು ಅನುವಾದಿಸಿಬಿಡುತ್ತದೆ.

ಇನ್ನೊಂದು ತಪ್ಪು ದೊಡ್ಡವರಲ್ಲೂ ಸಾಮಾನ್ಯ: “ಐ ಡೋಂಟ್ ನೋ ವೇರ್ ಡಿಡ್ ಸಲ್ಮಾ ಗೋ.” ಒಳವಾಕ್ಯದಲ್ಲಿ ‘ವೇರ್’ ಮಾತ್ರ ಮುಂದೆ ಬರುತ್ತದೆ, ‘ಡಿಡ್’ ಬರುವುದಿಲ್ಲ. “ಐ ಡೋಂಟ್ ನೋ ವೇರ್ ಸಲ್ಮಾ ವೆಂಟ್” ಎಂಬುದೇ ಸರಿ.

ಮಗುವಿಗೆ ಹೋಂವರ್ಕ್ ಮಾಡಿಸುವಾಗ ಮೊದಲು ಉತ್ತರದ ವಾಕ್ಯ ಬರೆಸಿ. ಉತ್ತರದ ಪದಕ್ಕೆ ಗೆರೆ ಎಳೆಸಿ, ಅಲ್ಲಿ ಪ್ರಶ್ನಾಪದ ಇಡಿಸಿ. ಆಮೇಲೆ ಅದನ್ನು ಮುಂದಕ್ಕೆ ಕರೆತನ್ನಿ. ಗೆರೆ ಎಳೆದ ಪದವೇ ವಾಕ್ಯದ ಕರ್ತೃವಾಗಿದ್ದರೆ ‘ಡಿಡ್’ ಬೇಡ: “ಹೂ ವೆಂಟ್ ಟು ಮೈಸೂರು?”

ಆ ಹುಡುಗಿಗೂ ನಾನು ಹೀಗೆಯೇ ಬರೆಸಿದೆ. ‘ಐ ಆಮ್ ಕಮಿಂಗ್ ಫ್ರಮ್ ಮೈಸೂರು’ ಎಂಬುದರಿಂದ ಹೊರಟು ತಾನೇ “ವೇರ್ ಆರ್ ಯು ಕಮಿಂಗ್ ಫ್ರಮ್?” ಎಂಬಲ್ಲಿಗೆ ತಲುಪಿದಳು. “ಸರ್, ‘ಫ್ರಮ್’ ಮಾತ್ರ ಒಂಟಿಯಾಗಿ ಹಿಂದೆ ಉಳಿಯಿತಲ್ಲಾ?” ಎಂದಳು. ಹೌದು, ‘ವೇರ್’ ಮೊದಲು ಎಲ್ಲಿ ಕುಳಿತಿತ್ತು ಎಂಬುದಕ್ಕೆ ಉಳಿದ ಗುರುತು ಅದೊಂದೇ.