ಗೆಳೆಯ ಹೇಳಿಕೊಂಡ ಮೇಲೆ ಏನು ಕೇಳಬೇಕು, ಏನು ಬಿಡಬೇಕು

ಹಾಸನ ಕಡೆಯ ಇಬ್ಬರು ಹುಡುಗರು ಅಂತ ಇಟ್ಟುಕೊಳ್ಳಿ. ಡಿಪ್ಲೊಮಾದಲ್ಲಿ ಒಟ್ಟಿಗೆ ಓದಿದವರು, ಈಗ ಪೀಣ್ಯದಲ್ಲಿ ಕೆಲಸ, ಇಬ್ಬರಿಗೂ ಸೇರಿ ಒಂದೇ ರೂಮು. ಒಂದು ರಾತ್ರಿ ಊಟ ಮುಗಿದ ಮೇಲೆ ಒಬ್ಬ ಹೇಳುತ್ತಾನೆ: "ನಿಂಗೊಂದು ಮಾತು ಹೇಳ್ಬೇಕು ಕಣೋ. ನಂಗೆ ಹುಡುಗೀರ ಮೇಲೆ ಮನಸ್ಸಾಗಲ್ಲ. ನಾನು ಗೇ." ಕೇಳಿಸಿಕೊಂಡವನ ಬಾಯಿಗೆ ಆಗ ಸಾಮಾನ್ಯವಾಗಿ ಬರುವುದು ಪ್ರಶ್ನೆಗಳು. ಯಾವಾಗಿಂದ? ಖಾತ್ರಿನಾ? ಯಾವ ಹುಡುಗಿ ಜೊತೆಗಾದ್ರೂ ಟ್ರೈ ಮಾಡಿದ್ಯಾ? ಚಿಕ್ಕವನಿದ್ದಾಗ ಯಾರಾದ್ರೂ ಏನಾದ್ರೂ ಮಾಡಿದ್ರಾ? ಇದುವರೆಗೂ ಯಾರ ಜೊತೆಗಾದ್ರೂ...?

ಕೇಳುವವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದಿರಬಹುದು. ಗಾಬರಿಯಾದಾಗ ಮೌನವಾಗಿ ಕೂರುವುದಕ್ಕಿಂತ ಪ್ರಶ್ನೆ ಕೇಳುವುದು ಸುಲಭ. ಆದರೆ ಹೇಳಿದವನ ಕಡೆಯಿಂದ ನೋಡಿ. ಈ ಮಾತನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿರುತ್ತಾನೆ. ಯಾರಿಗೆ ಮೊದಲು ಹೇಳಲಿ, ಹೇಳಿದರೆ ಈ ರೂಮು ಉಳಿಯುತ್ತದಾ ಅಂತೆಲ್ಲ ಲೆಕ್ಕ ಹಾಕಿರುತ್ತಾನೆ. ಅಂಥವನಿಗೆ "ಖಾತ್ರಿನಾ?" ಅಂದರೆ, ಹೇಳಿದ್ದು ಸಾಲದು, ಸಾಕ್ಷಿ ಕೊಡು ಅಂದ ಹಾಗೆ. "ಹುಡುಗಿ ಜೊತೆ ಟ್ರೈ ಮಾಡಿದ್ಯಾ?" ಅನ್ನುವುದೂ ಅದೇ. ಹುಡುಗಿಯರನ್ನು ಇಷ್ಟಪಡುವ ಹುಡುಗನನ್ನು ಯಾರೂ ಹೀಗೆ ಪರೀಕ್ಷೆಗೆ ನಿಲ್ಲಿಸುವುದಿಲ್ಲ. ಚಿಕ್ಕಂದಿನಲ್ಲಿ ಏನಾಯಿತು ಅನ್ನುವ ಪ್ರಶ್ನೆಯಂತೂ ಇನ್ನೂ ಕ್ರೂರ. ಅದು ಅವನ ಪ್ರೀತಿಯನ್ನು ಗಾಯ ಅಂತ ತಿಳಿದು, ಗಾಯ ಮಾಡಿದವರನ್ನು ಹುಡುಕಲು ಹೊರಡುತ್ತದೆ. ಹಾಸಿಗೆಯ ವಿಷಯ ಕೇಳಬಾರದು ಅಂತ ಬಿಡಿಸಿ ಹೇಳಬೇಕಿಲ್ಲ. ಮದುವೆಯಾದ ಗೆಳೆಯನನ್ನು ಕೇಳದ್ದನ್ನು ಇವನನ್ನೂ ಕೇಳುವಂತಿಲ್ಲ.

ಹಾಗಾದರೆ ಏನೂ ಕೇಳದೆ ಕೂರಬೇಕೇ? ಅದೂ ಆಗದು. ಪೂರ್ತಿ ಮೌನ ಅವನಿಗೆ ತಿರಸ್ಕಾರದಂತೆ ಕಾಣುತ್ತದೆ. ನಾನು ನಂಬುವ ಅಳತೆ ಇಷ್ಟೇ: ಈ ಪ್ರಶ್ನೆಯ ಉತ್ತರ ಗೊತ್ತಾದರೆ ನಾಳೆ ನಾನು ಅವನಿಗಾಗಿ ಏನಾದರೂ ಬೇರೆ ಥರ ಮಾಡುತ್ತೇನೆಯೇ? ಹೌದಾದರೆ ಕೇಳಿ. ಉತ್ತರದಿಂದ ನಿಮ್ಮ ಕುತೂಹಲ ಮಾತ್ರ ತಣಿಯುವುದಾದರೆ ಬಿಡಿ.

ಮೊದಲ ರಾತ್ರಿಗೆ ಹೆಚ್ಚೇನೂ ಬೇಕಾಗಿಲ್ಲ. "ನಂಗೆ ಹೇಳಿದ್ದು ಒಳ್ಳೇದಾಯ್ತು ಕಣೋ. ನಮ್ಮಿಬ್ಬರ ಮಧ್ಯೆ ಏನೂ ಬದಲಾಗಲ್ಲ." ಇಷ್ಟು ಹೇಳಿ, ಅವನು ಮಾತಾಡಿದರೆ ಕೇಳಿಸಿಕೊಳ್ಳಿ. ಮಾತಾಡದಿದ್ದರೆ ದಿನಾ ನೋಡುವ ಮ್ಯಾಚನ್ನೋ ಸಿನಿಮಾವನ್ನೋ ಹಾಕಿ ಜೊತೆಗೆ ಕೂತುಕೊಳ್ಳಿ. "ನಂಗೆ ಮೊದಲೇ ಗೊತ್ತಿತ್ತು ಬಿಡು" ಅನ್ನಬೇಡಿ. ಇಷ್ಟು ವರ್ಷ ಮುಚ್ಚಿಟ್ಟದ್ದು ಎಲ್ಲರಿಗೂ ಕಾಣುತ್ತಿತ್ತಾ ಅನ್ನುವ ಭಯ ಅವನಿಗೆ ಆ ಕ್ಷಣದಲ್ಲೇ ಹುಟ್ಟುತ್ತದೆ.

ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು: "ಇದು ಇನ್ನು ಯಾರಿಗೆ ಗೊತ್ತು? ನಾನು ಯಾರ ಮುಂದೆ ಹುಷಾರಾಗಿರಬೇಕು?" ಒಳ್ಳೆಯ ಗೆಳೆಯರು ಎಡವುವುದು ಹೆಚ್ಚಾಗಿ ಇಲ್ಲೇ. ಯಾರೂ ಬೇಕಂತ ಗುಟ್ಟು ಬಿಟ್ಟುಕೊಡುವುದಿಲ್ಲ. ಅದು ಸೋರಿ ಹೋಗುತ್ತದೆ. ಮನಸ್ಸು ಹಗುರ ಮಾಡಿಕೊಳ್ಳಲು ಹೆಂಡತಿಗೋ ಪ್ರೇಯಸಿಗೋ ಹೇಳುತ್ತೇವೆ. ವಾಟ್ಸ್ಯಾಪ್‌ನಲ್ಲಿ ಧೈರ್ಯ ತುಂಬುವ ಮೆಸೇಜ್ ಕಳಿಸುತ್ತೇವೆ, ಅದು ಅವನ ಫೋನಿನ ಪರದೆಯ ಮೇಲೆ ಮೂಡುವ ಹೊತ್ತಿಗೆ ಫೋನು ಅವನ ತಂಗಿಯ ಕೈಯಲ್ಲಿರುತ್ತದೆ. ಈ ವಿಷಯವನ್ನು ಮೆಸೇಜಿನಲ್ಲಿ ಬರೆಯಬಹುದಾ ಅಂತ ಕೇಳುವುದು ಅತಿಯಲ್ಲ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಸಂಕಟ ಮನೆಯವರ ಫೋನು. ಹಾಸನದಿಂದ ಅವನ ತಾಯಿ ರೂಮಿನ ಗೆಳೆಯನಿಗೇ ಫೋನ್ ಮಾಡುತ್ತಾರೆ: "ಏನಪ್ಪಾ, ಬಂದ ಸಂಬಂಧ ಎಲ್ಲಾ ಬೇಡ ಅಂತಾನಲ್ಲ, ಅಲ್ಲಿ ಯಾರನ್ನಾದ್ರೂ ಇಷ್ಟಪಟ್ಟಿದಾನಾ? ನಿಜ ಹೇಳು." ಆಗ "ಅದನ್ನ ಅವನನ್ನೇ ಕೇಳಿ ಅಮ್ಮಾ" ಅಂದರೂ, ಏನೋ ಇದೆ ಅಂತ ಅವರಿಗೆ ಖಚಿತವಾಗುತ್ತದೆ. "ಹೂಂ, ಒಬ್ಬಳಿದ್ದಾಳೆ" ಅಂತ ಸುಳ್ಳು ಹೇಳಿದರೆ ಜಾತಿ ಯಾವುದು, ಫೋಟೋ ಇದೆಯಾ ಅಂತ ಶುರುವಾಗುತ್ತದೆ, ಸಿಕ್ಕಿಬೀಳುವವನು ಅವನು. ಆದ್ದರಿಂದ ಈ ಫೋನು ಬರುವ ಮೊದಲೇ ಇಬ್ಬರೂ ಕೂತು ಒಂದು ಉತ್ತರ ಗೊತ್ತು ಮಾಡಿಕೊಳ್ಳಬೇಕು. "ಕೆಲಸದ ಟೆನ್ಷನ್ ಜಾಸ್ತಿ ಇದೆ ಅಮ್ಮಾ, ಸದ್ಯಕ್ಕೆ ಮದುವೆ ಮಾತು ಬೇಡ ಅಂತಾನೆ" ಅನ್ನುವಂಥದ್ದು. ಆ ಉತ್ತರವನ್ನು ಆರಿಸಬೇಕಾದವನು ಅವನೇ. ನೀವು ಅದನ್ನು ಇಬ್ಬರು ಕೇಳಿದರೂ ಎರಡು ಥರ ಹೇಳದೆ ಉಳಿಸಿಕೊಂಡರೆ ಸಾಕು. ಮನೆಯಲ್ಲಿ ಹೇಳಿಬಿಡು ಅಂತ ಒತ್ತಾಯಿಸುವುದಂತೂ ಬೇಡ. ಹೇಳಿದ ಮೇಲೆ ಆ ಮನೆಯಲ್ಲಿ ಬಾಳಬೇಕಾದವರು ನೀವಲ್ಲ.

ಹೇಳಿಕೊಂಡವರು ಟ್ರಾನ್ಸ್ ವ್ಯಕ್ತಿಯಾಗಿದ್ದರೆ ಕೇಳಬೇಕಾದದ್ದು ಇನ್ನೊಂದಿದೆ. ನಮ್ಮ ಭಾಷೆಯಲ್ಲಿ ಬಂದ, ಬಂದಳು ಅನ್ನದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಹಾಗಾಗಿ ಯಾವ ಹೆಸರಿನಿಂದ ಕರೆಯಲಿ, ಅವಳು ಅನ್ನಲೋ ಅವನು ಅನ್ನಲೋ ಅಂತ ಕೇಳಿ. ಜೊತೆಗೆ, ಆಫೀಸಿನಲ್ಲೂ ಹಾಗೇ ಕರೆಯಲಾ, ಮನೆಯವರ ಮುಂದೆ ಹಳೇ ಹೆಸರೇ ಇರಲಾ ಅಂತಲೂ ಕೇಳಿ. ಆಪರೇಷನ್ ಆಗಿದೆಯಾ ಅನ್ನುವುದು ನಿಮಗೆ ಸಂಬಂಧಪಟ್ಟದ್ದಲ್ಲ.

ಮನೆಯಲ್ಲಿ ವಿಷಯ ಗೊತ್ತಾದರೆ ಎಷ್ಟೋ ಕಡೆ ಮೊದಲು ಬರುವ ಮಾತು "ಡಾಕ್ಟರ ಹತ್ತಿರ ತೋರಿಸೋಣ" ಅನ್ನುವುದು. ಇಲ್ಲಿ ಗೆಳೆಯನ ತಿಳಿವಳಿಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸಲಿಂಗ ಪ್ರೀತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಅಂದಿತು. ಇದನ್ನು ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಹೀಗಿದ್ದೂ ಗುಳಿಗೆ ಕೊಡುವವರು, ತಾಯತ ಕಟ್ಟುವವರು, ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವವರು ಇದ್ದಾರೆ. ಅವನ ಊಟ, ನಿದ್ದೆ ಕೆಟ್ಟಿದ್ದರೆ, ಬದುಕಿ ಏನು ಅನ್ನುವ ಮಾತು ಬಾಯಲ್ಲಿ ಬಂದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳುವುದು ಆಗ ಅಧಿಕಪ್ರಸಂಗವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅವನಿಗೆ ಫೋನ್ ಮಾಡಲು ಕೈ ಬರದಿದ್ದರೆ ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿ ಕೊಡಿ.

ಬೇಡದ ಪ್ರಶ್ನೆಯೊಂದು ಬಾಯಿಂದ ಜಾರಿಬಿಟ್ಟರೆ ಅವನ ಮುಖ, ಮಾತು ಎರಡೂ ಹೇಳುತ್ತವೆ. ಉತ್ತರ ಒಂದೊಂದೇ ಪದಕ್ಕೆ ಇಳಿಯುತ್ತದೆ, ಕೈ ಫೋನಿನ ಕಡೆ ಹೋಗುತ್ತದೆ. ಆಗ ದೊಡ್ಡ ಕ್ಷಮಾಪಣೆ ಬೇಡ, ಅದು ನಿಮ್ಮನ್ನು ಸಮಾಧಾನ ಮಾಡುವ ಕೆಲಸವನ್ನೂ ಅವನ ತಲೆಗೇ ಕಟ್ಟುತ್ತದೆ. "ಅದನ್ನ ಕೇಳಬಾರದಿತ್ತು, ಬಿಡು" ಅಂದು ಬೇರೆ ಮಾತಿಗೆ ಹೋದರೆ ಸಾಕು.

ಕುತೂಹಲ ತಪ್ಪಲ್ಲ, ಅದನ್ನು ತಣಿಸುವ ಕೆಲಸ ಅವನದಲ್ಲ ಅಷ್ಟೇ. ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ 2013ರಿಂದ ಕನ್ನಡದಲ್ಲಿದೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ, ಅಕ್ಕೈ ಪದ್ಮಶಾಲಿ ತಮ್ಮ ಬದುಕಿನ ಬಗ್ಗೆ ತಾವಾಗಿಯೇ ಬಹಿರಂಗವಾಗಿ ಮಾತಾಡಿದ್ದಾರೆ. ಓದಿ, ಕೇಳಿ, ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ. ಉಳಿದದ್ದನ್ನು, ಹೇಳಬೇಕು ಅನ್ನಿಸಿದ ದಿನ, ಅವನೇ ಹೇಳುತ್ತಾನೆ.